ಎಂಟು ವರ್ಷವೋ, ಆರು ವರ್ಷವೋ: ಪೀಣ್ಯದ ಒಂದು ಗ್ರಾಚ್ಯುಟಿ ಲೆಕ್ಕ

2024ರ ಜುಲೈ ಮೊದಲ ವಾರ. ನಮ್ಮ ಬೀದಿಯ ಒಬ್ಬರು ಸಂಜೆ ಮನೆಗೆ ಬಂದರು. ಕೈಯಲ್ಲಿ ಒಂದು ಹಾಳೆ. "ಅಣ್ಣ, ಇದಕ್ಕೆ ಸೈನ್ ಹಾಕಿದ್ರೆ ದುಡ್ಡು ಕೊಡ್ತೀವಿ ಅಂತಾರೆ. ಒಂದ್ಸಲ ನೋಡಿ" ಎಂದರು. ಮೇಲ್ಗಡೆ 'ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್' ಎಂದಿತ್ತು. ಗ್ರಾಚ್ಯುಟಿ, ಅಂದರೆ ದುಡಿದ ವರ್ಷಗಳಿಗೆ ತಕ್ಕಂತೆ ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಹಣ, ಎಂಬಲ್ಲಿ 42,923 ರೂಪಾಯಿ. ಅದರ ಕೆಳಗೆ, ಕಳೆದುಹೋದ ಮೈಕ್ರೋಮೀಟರ್ ಎಂಬ ಅಳತೆ ಉಪಕರಣದ ಬಾಬ್ತು 4,800 ಕಡಿತ. ಹಾಳೆಯ ಬುಡದಲ್ಲಿ ಸಣ್ಣ ಅಕ್ಷರದಲ್ಲಿ, ಕಂಪನಿಯಿಂದ ನನಗೆ ಇನ್ನೇನೂ ಬಾಕಿ ಇಲ್ಲ ಎಂಬ ಸಾಲು.

ನಾನು ಇಪ್ಪತ್ತು ವರ್ಷ ಬೇರೆ ಬೇರೆ ಕಾರ್ಖಾನೆಗಳ ಅಕೌಂಟ್ಸ್ ವಿಭಾಗದಲ್ಲಿ ಸಂಬಳದ ಲೆಕ್ಕ ಮಾಡಿದವನು. ಇಂಥ ಹಾಳೆಗಳನ್ನು ನಾನೇ ಎಷ್ಟೋ ತಯಾರಿಸಿದ್ದೇನೆ. ಹಾಗಾಗಿ ಯಾವ ಸಾಲನ್ನು ಮೊದಲು ನೋಡಬೇಕು ಎನ್ನುವುದು ಗೊತ್ತಿತ್ತು. ಮೊತ್ತ ಆಮೇಲೆ, ಮೊದಲು ವರ್ಷ. 'ಸೇವಾವಧಿ: 6 ವರ್ಷ' ಎಂದು ಬರೆದಿದ್ದರು. ಇವರು ಕೆಲಸಕ್ಕೆ ಹೋಗಲು ಶುರುಮಾಡಿ ಎಂಟು ವರ್ಷ ಆಗುತ್ತಾ ಬಂದಿದೆ ಎಂಬುದು ನಮ್ಮ ಬೀದಿಗೇ ಗೊತ್ತು.

ಅವರ ಹೆಸರೂ ಕಾರ್ಖಾನೆಯ ಹೆಸರೂ ಇಲ್ಲಿ ಬೇಡ. ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ, ಅರವತ್ತು ಚಿಲ್ಲರೆ ಜನ ದುಡಿಯುವ ಜಾಗ ಎಂದುಕೊಳ್ಳಿ. ಇವರು ಅಲ್ಲಿ ಕ್ವಾಲಿಟಿ ಚೆಕಿಂಗ್‌ನಲ್ಲಿದ್ದರು.

ತಾರೀಖುಗಳು

ಅವರ ಮನೆಯ ಟ್ರಂಕಿನಿಂದ ಕಾಗದಗಳನ್ನೆಲ್ಲ ತರಿಸಿದೆ. ಕೆಲಸಕ್ಕೆ ಸೇರಿದ್ದು 2016ರ ಸೆಪ್ಟೆಂಬರ್ 12, 'ಟ್ರೈನಿ' ಎಂಬ ಹೆಸರಿನಲ್ಲಿ. ಖಾಯಂ ಮಾಡಿದ ಪತ್ರ 2017ರ ಏಪ್ರಿಲ್ 1ರದು. 2021ರಲ್ಲಿ ಹೆರಿಗೆ ರಜೆ 26 ವಾರ, ಅದರ ಬೆನ್ನಿಗೇ ಮೂರು ತಿಂಗಳು ಸಂಬಳವಿಲ್ಲದ ರಜೆ. ರಾಜೀನಾಮೆ ಪತ್ರ ಕೊಟ್ಟಿದ್ದು 2024ರ ಏಪ್ರಿಲ್ 30. ಅದರ ಮೇಲೆ ಆಫೀಸಿನ ಸೀಲ್ ಹಾಕಿಸಿಕೊಂಡು ಫೋಟೋ ತೆಗೆದಿಟ್ಟಿದ್ದರು, ಪುಣ್ಯ. ಒಂದು ತಿಂಗಳ ನೋಟಿಸ್ ಮುಗಿಸಿ ಕೊನೆಯ ದಿನ ಕೆಲಸ ಮಾಡಿದ್ದು ಮೇ 31.

ಕೊನೆಯ ತಿಂಗಳ ಸಂಬಳ ಚೀಟಿ ಹೀಗಿತ್ತು: ಮೂಲ ವೇತನ 12,400, ತುಟ್ಟಿಭತ್ಯೆ 3,200, ಮನೆ ಬಾಡಿಗೆ ಭತ್ಯೆ 1,800, ಹಾಜರಿ ಭತ್ಯೆ 600. ಒಟ್ಟು 18,000.

ಕಾರ್ಖಾನೆಯವರು ಆರು ವರ್ಷ ತಂದಿದ್ದು ಹೇಗೆ? ಖಾಯಂ ಆದ ದಿನದಿಂದ ಎಣಿಸಿದರೆ ಏಳು ವರ್ಷ ಎರಡು ತಿಂಗಳು. ಎರಡು ತಿಂಗಳನ್ನು ಬಿಟ್ಟರು, ಏಳು. 2021ರಲ್ಲಿ 240 ದಿನ ಕೆಲಸ ಮಾಡಿಲ್ಲ ಎಂದು ಇನ್ನೊಂದು ವರ್ಷ ತೆಗೆದರು, ಆರು. ಆಮೇಲೆ ಬರೀ ಮೂಲ ವೇತನವನ್ನು ಹಿಡಿದು ಗುಣಿಸಿದರು. ಒಂದೊಂದು ಹೆಜ್ಜೆಗೂ ಅವರ ಬಳಿ ಒಂದೊಂದು ಕಾರಣವಿತ್ತು. ಇಂಥ ಹಾಳೆಗಳು ಹಾಗೇ ಇರುತ್ತವೆ, ನೋಡಿದರೆ ಸರಿಯಾಗಿಯೇ ಕಾಣುತ್ತವೆ.

2021ರ ವರ್ಷ

240 ದಿನದ ಬಗ್ಗೆ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಪ್ರತಿ ವರ್ಷವೂ 240 ದಿನ ಹಾಜರಿ ಇಲ್ಲದಿದ್ದರೆ ಆ ವರ್ಷ ಲೆಕ್ಕಕ್ಕಿಲ್ಲ ಎಂದು. ಕಾರ್ಖಾನೆಯ ಎಚ್ಆರ್‌ನವರೂ ಹಾಗೇ ನಂಬಿರುತ್ತಾರೆ, ಸುಮ್ನೆ ಮೋಸ ಎಂದು ಹೇಳಲು ಆಗುವುದಿಲ್ಲ.

1972ರ ಗ್ರಾಚ್ಯುಟಿ ಪಾವತಿ ಕಾಯ್ದೆಯ 2ಎ ಕಲಂ ಎರಡು ಮೆಟ್ಟಿಲಾಗಿದೆ. ಮೊದಲ ಮೆಟ್ಟಿಲಲ್ಲಿ, ಕೆಲಸ ಕಡಿದುಹೋಗದೆ ಮುಂದುವರಿದಿದ್ದರೆ ಅದು ನಿರಂತರ ಸೇವೆ. ನಡುವೆ ಕಾಯಿಲೆ, ಅಪಘಾತ, ರಜೆ, ಲೇ-ಆಫ್, ಮುಷ್ಕರ, ನೌಕರನ ತಪ್ಪಿಲ್ಲದೆ ಕೆಲಸ ನಿಂತದ್ದು ಇವೆಲ್ಲ ಬಂದರೂ ಸೇವೆ ಕಡಿಯುವುದಿಲ್ಲ. ಹೇಳದೆ ಕೇಳದೆ ಗೈರಾಗಿದ್ದರೂ ಅಷ್ಟೇ. ಅದನ್ನು ಸೇವೆಯಲ್ಲಿ ಕಡಿತ ಎಂದು ಸ್ಥಾಯಿ ಆದೇಶಗಳ ಪ್ರಕಾರ ಮಾಲೀಕರು ಆದೇಶ ಹೊರಡಿಸಿದ್ದರೆ ಮಾತ್ರ ಬೇರೆ ಮಾತು. 240 ದಿನದ ಲೆಕ್ಕ ಬರುವುದು ಎರಡನೇ ಮೆಟ್ಟಿಲಲ್ಲಿ. ಮೊದಲನೆಯದರಲ್ಲಿ ನಿಲ್ಲಲಾಗದವರಿಗೆ ಅದು ಆಸರೆ. ನೌಕರರನ್ನು ಒಳಗೆ ತರಲು ಇಟ್ಟ ನಿಯಮ ಅದು. ಅದನ್ನೇ ಹೊರಗೆ ತಳ್ಳಲು ಬಳಸಿಬಿಡುತ್ತಾರೆ.

ಇವರ ಮೂರು ತಿಂಗಳ ರಜೆಗೆ ಸಂಬಳ ಇರಲಿಲ್ಲ ನಿಜ. ಆದರೆ ರಜೆ ಮಂಜೂರಾಗಿತ್ತು, ಪತ್ರವೂ ಇತ್ತು. ರಜೆ ಎಂದ ಮೇಲೆ ಸೇವೆ ಮುಂದುವರಿಯಿತು, ಅಲ್ಲಿಗೆ ಮುಗಿಯಿತು.

ಆದರೂ ಎರಡನೇ ಮೆಟ್ಟಿಲಿನ ಲೆಕ್ಕವನ್ನೂ ಮಾಡಿಟ್ಟುಕೊಂಡೆ. ಎದುರಿನವರು ಆ ಮಾತನ್ನೇ ಹಿಡಿದು ಕೂರುತ್ತಾರೆ ಎಂದು ಗೊತ್ತಿತ್ತು. ಕಾರ್ಖಾನೆಯ ಹಾಜರಿ ಪುಸ್ತಕದ ಪ್ರಕಾರ 2021ರಲ್ಲಿ ಇವರು ಬಂದದ್ದು 76 ದಿನ. ಹೆರಿಗೆ ರಜೆಯನ್ನು 26 ವಾರದವರೆಗೆ ಕೆಲಸ ಮಾಡಿದ ದಿನಗಳೆಂದೇ ಎಣಿಸಬೇಕು, ಅದು 182 ದಿನ. ಎರಡೂ ಸೇರಿ 258. ಅವರದೇ ಅಳತೆಗೋಲಿನಲ್ಲಿ ಅಳೆದರೂ ವರ್ಷ ಉಳಿಯಿತು.

ಟ್ರೈನಿ ಆಗಿದ್ದ ಆರೂವರೆ ತಿಂಗಳು

ಇದು ಸ್ವಲ್ಪ ಕಷ್ಟದ್ದು. ಕಾಯ್ದೆಯಲ್ಲಿ ನೌಕರ ಎಂದರೆ ಯಾರು ಎಂದು ಹೇಳುವಾಗ ಅಪ್ರೆಂಟಿಸ್‌ಗಳನ್ನು ಹೊರಗಿಟ್ಟಿದ್ದಾರೆ. "ಟ್ರೈನಿ ಅಂದ್ರೂ ಅಪ್ರೆಂಟಿಸ್ ಅಂದ್ರೂ ಒಂದೇ ಅಲ್ವಾ?" ಎಂದು ಅವರ ಮ್ಯಾನೇಜರ್ ಆಮೇಲೆ ನನ್ನನ್ನೇ ಕೇಳಿದರು.

ಒಂದೇ ಅಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಒಪ್ಪಂದ ಮಾಡಿ, ನೋಂದಾಯಿಸಿ, ಸ್ಟೈಪೆಂಡ್ ಕೊಟ್ಟು ಕಲಿಸುವುದು ಬೇರೆ. ನೇಮಕ ಪತ್ರದಲ್ಲಿ ಟ್ರೈನಿ ಎಂದು ಬರೆದು ಮೊದಲ ದಿನದಿಂದಲೇ ಉಳಿದವರ ಜೊತೆ ಶಿಫ್ಟಿನಲ್ಲಿ ಕೂರಿಸುವುದು ಬೇರೆ. ಹೆಸರಿಗಿಂತ ಕೆಲಸ ಏನಿತ್ತು, ಕೊಟ್ಟದ್ದು ಸಂಬಳವೋ ಸ್ಟೈಪೆಂಡೋ ಎನ್ನುವುದನ್ನು ನೋಡುತ್ತಾರೆ.

ಏಳೆಂಟು ವರ್ಷದ ಹಿಂದಿನ ಕೆಲಸವನ್ನು ಈಗ ತೋರಿಸುವುದು ಹೇಗೆ? ನಾನು ಅವರ ಪಿಎಫ್ ಖಾತೆ ತೆರೆಸಿದೆ. ಸದಸ್ಯರ ಪೋರ್ಟಲ್‌ನಲ್ಲಿ `Service History` ಎಂಬ ಪುಟವಿದೆ. ಅದರಲ್ಲಿ ಸೇರಿದ ದಿನ 12-09-2016 ಎಂದೇ ಇತ್ತು. ಪಾಸ್‌ಬುಕ್‌ನಲ್ಲಿ ಆ ಸೆಪ್ಟೆಂಬರ್‌ನಿಂದಲೇ ತಿಂಗಳು ತಿಂಗಳು ಪಿಎಫ್ ಕಟ್ಟಿದ್ದರು. ಇದು ಯಾಕೆ ದೊಡ್ಡ ಸಾಕ್ಷಿ ಎಂದರೆ, ಅಪ್ರೆಂಟಿಸ್ ಕಾಯ್ದೆಯಡಿ ಇರುವವರಿಗೆ ಪಿಎಫ್ ಅನ್ವಯಿಸುವುದೇ ಇಲ್ಲ. ಅಂದರೆ 2016ರಲ್ಲಿ ಪಿಎಫ್ ಕಚೇರಿಗೆ ಇವರು ನಮ್ಮ ನೌಕರರು ಎಂದು ಹೇಳಿದವರು 2024ರಲ್ಲಿ ನನ್ನ ಮುಂದೆ ಅಪ್ರೆಂಟಿಸ್ ಎನ್ನುತ್ತಿದ್ದಾರೆ. ಜೊತೆಗೆ ಆಗಿನ ಇಎಸ್ಐ ಚೀಟಿ, ಬ್ಯಾಂಕ್ ಪುಸ್ತಕದಲ್ಲಿ ಸಂಬಳ ಬಿದ್ದ ಸಾಲುಗಳು ಇದ್ದವು. ನೇಮಕ ಪತ್ರ ಕಳೆದುಕೊಂಡವರು ಮೊದಲು ಹುಡುಕಬೇಕಾದ್ದು ಇವನ್ನೇ.

ಇನ್ನು ಎಣಿಕೆ. 2016ರ ಸೆಪ್ಟೆಂಬರ್ 12ರಿಂದ 2023ರ ಸೆಪ್ಟೆಂಬರ್ 11ಕ್ಕೆ ಏಳು ವರ್ಷ ಪೂರ್ತಿ. ಅಲ್ಲಿಂದ 2024ರ ಮೇ 31ಕ್ಕೆ ಎಂಟು ತಿಂಗಳು 20 ದಿನ. ಪೂರ್ಣ ವರ್ಷಗಳ ಮೇಲೆ ಉಳಿದ ತುಂಡು ಆರು ತಿಂಗಳಿಗಿಂತ ಜಾಸ್ತಿ ಇದ್ದರೆ ಅದನ್ನೂ ಒಂದು ವರ್ಷ ಎಂದೇ ಹಿಡಿಯಬೇಕು. ಸರಿಯಾಗಿ ಆರು ತಿಂಗಳು ಸಾಲದು, ದಾಟಿರಬೇಕು. ಹೀಗೆ ಎಂಟು ವರ್ಷ. ಟ್ರೈನಿ ಅವಧಿಯನ್ನು ಯಾಕೆ ಅಷ್ಟು ಗಟ್ಟಿಯಾಗಿ ಹಿಡಿದಿದ್ದರು ಎಂದು ಈಗ ತಿಳಿಯುತ್ತದೆ. ಆ ಆರೂವರೆ ತಿಂಗಳು ಹೋದರೆ ಉಳಿಯುವ ತುಂಡು ಎರಡೇ ತಿಂಗಳು, ಇಡೀ ವರ್ಷವೇ ಹೋಗುತ್ತದೆ.

ಇಲ್ಲೊಂದು ಮಾತು. ಈ ಆರು ತಿಂಗಳ ನಿಯಮ ಮೊತ್ತ ಕಟ್ಟಲು ಮಾತ್ರ. ಗ್ರಾಚ್ಯುಟಿ ಸಿಗಲು ಬೇಕಾದ ಐದು ವರ್ಷದ ಬಾಗಿಲಿಗೆ ಇದು ಕೀಲಿಕೈ ಅಲ್ಲ. ನಾಲ್ಕು ವರ್ಷ ಏಳು ತಿಂಗಳಿಗೆ ಬಿಟ್ಟವರು "ರೌಂಡ್ ಮಾಡಿದ್ರೆ ಐದು" ಎನ್ನುತ್ತಾರೆ, ಆಗುವುದಿಲ್ಲ. ಐದನೇ ವರ್ಷದಲ್ಲಿ 240 ದಿನ ಮುಗಿಸಿದ್ದರೆ ಆ ವರ್ಷ ಪೂರ್ತಿಯಾದಂತೆ ಎಂಬ ವಾದ ಬೇರೆ. ಅದು 2ಎ ಕಲಮಿನಿಂದ ಬರುವಂಥದ್ದು, ಮದ್ರಾಸ್ ಹೈಕೋರ್ಟ್ 1998ರಲ್ಲಿ ಒಪ್ಪಿದೆ. ಇವರಿಗೆ ಆ ಪ್ರಶ್ನೆಯೇ ಇರಲಿಲ್ಲ.

ಹಣದ ಲೆಕ್ಕ

ಗ್ರಾಚ್ಯುಟಿಗೆ ವೇತನ ಎಂದರೆ ಮೂಲ ವೇತನ ಮತ್ತು ತುಟ್ಟಿಭತ್ಯೆ. ಬೋನಸ್, ಕಮಿಷನ್, ಮನೆ ಬಾಡಿಗೆ, ಓವರ್‌ಟೈಮ್, ಬೇರೆ ಭತ್ಯೆಗಳು ಸೇರುವುದಿಲ್ಲ. ಹಾಗಾಗಿ ಇವರ 18,000 ಪೂರ್ತಿ ಬರುವುದಿಲ್ಲ, ಹಾಗೆಂದು ಬರೀ 12,400 ಕೂಡ ಅಲ್ಲ. ಸರಿಯಾದದ್ದು 15,600.

ತಿಂಗಳ ಸಂಬಳದವರಿಗೆ ಭಾಗಿಸಬೇಕಾದ್ದು 26ರಿಂದ, 30ರಿಂದ ಅಲ್ಲ. ವಾರದ ರಜೆಗಳನ್ನು ಕಳೆದು ಉಳಿಯುವ ಕೆಲಸದ ದಿನಗಳು ಅವು. ಬಂದದ್ದನ್ನು 15ರಿಂದ, ಆಮೇಲೆ ವರ್ಷಗಳಿಂದ ಗುಣಿಸಬೇಕು.

```
15,600 ÷ 26 × 15 × 8 = 72,000
```

ಒಂದು ವರ್ಷಕ್ಕೆ 9,000. ಕಾರ್ಖಾನೆಯವರ 42,923ಕ್ಕೂ ಇದಕ್ಕೂ 29,077 ರೂಪಾಯಿ ಫರಕು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಎರಡು ವರ್ಷಗಳದು, ಉಳಿದದ್ದು ತುಟ್ಟಿಭತ್ಯೆ ಬಿಟ್ಟದ್ದರದು.

ರಜೆಯ ಹಣಕ್ಕೆ ಅಳತೆ ಬೇರೆ, ಇದನ್ನು ತುಂಬಾ ಜನ ಗಮನಿಸುವುದಿಲ್ಲ. ಕಾರ್ಖಾನೆ ಕಾಯ್ದೆಯಲ್ಲಿ 20 ದಿನ ಕೆಲಸಕ್ಕೆ ಒಂದು ದಿನ ಸಂಬಳದ ರಜೆ. ಇವರ ಖಾತೆಯಲ್ಲಿ ಹಿಂದಿನದು 18 ದಿನ ಉಳಿದಿತ್ತು. 2024ರ ಜನವರಿಯಿಂದ ಮೇವರೆಗೆ 120 ದಿನ ದುಡಿದಿದ್ದರು, ಅದಕ್ಕೆ ಇನ್ನೂ 6. ವರ್ಷದ ನಡುವೆ ಕೆಲಸ ಬಿಟ್ಟರೂ ಆ ವರ್ಷದ ಪಾಲು ಕೊಡಬೇಕು, ಅದೂ ಬಿಟ್ಟ ಎರಡನೇ ಕೆಲಸದ ದಿನದೊಳಗೆ. ಇದನ್ನು ಹಾಳೆಯಲ್ಲಿ ಬಿಟ್ಟೇಬಿಟ್ಟಿದ್ದರು. ರಜೆಯ ದಿನಗೂಲಿ ಕಟ್ಟುವಾಗ ಓವರ್‌ಟೈಮ್, ಬೋನಸ್ ಬಿಟ್ಟು ಉಳಿದ ಪೂರ್ತಿ ಗಳಿಕೆ ಹಿಡಿಯಬೇಕು. ಅಂದರೆ ಇಲ್ಲಿ 15,600 ಅಲ್ಲ, 18,000. ಕಾರ್ಖಾನೆಯ ರೂಢಿಯಂತೆ 26 ದಿನಕ್ಕೆ ಹಂಚಿದರೆ ದಿನಕ್ಕೆ 692 ರೂಪಾಯಿ 31 ಪೈಸೆ, 24 ದಿನಕ್ಕೆ 16,615. ಹಾಳೆಯಲ್ಲಿದ್ದದ್ದು 8,585.

ಮೇ ತಿಂಗಳ ಸಂಬಳವನ್ನೂ 'ಕ್ಲಿಯರೆನ್ಸ್' ಆಗಿಲ್ಲ ಎಂದು ತಡೆದಿದ್ದರು. ಅದು ಜೂನ್ 7ರೊಳಗೆ ಬರಬೇಕಿದ್ದ ದುಡ್ಡು. ದುಡಿದ ಸಂಬಳಕ್ಕೂ ಕ್ಲಿಯರೆನ್ಸಿಗೂ ಗಂಟು ಹಾಕಲು ಬರುವುದಿಲ್ಲ.

ಮೈಕ್ರೋಮೀಟರ್ ಕಥೆ ಇಷ್ಟೇ: ಮಾರ್ಚಿನಲ್ಲಿ ಆ ಟೇಬಲ್‌ನಿಂದ ಒಂದು ಕಾಣೆಯಾಗಿತ್ತು, ಮೂರು ಶಿಫ್ಟಿನವರು ಬಳಸುವ ಟೇಬಲ್ ಅದು. ಇವರಿಗೆ ಒಂದು ಮೆಮೋ ಕೂಡ ಕೊಟ್ಟಿರಲಿಲ್ಲ. ಗ್ರಾಚ್ಯುಟಿಯಲ್ಲಿ ನಷ್ಟ ಹಿಡಿದುಕೊಳ್ಳಲು 4(6) ಕಲಂ ಅವಕಾಶ ಕೊಡುತ್ತದೆ. ಆದರೆ ಆ ನಷ್ಟ ಮಾಡಿದ್ದಕ್ಕಾಗಿ ಕೆಲಸದಿಂದ ತೆಗೆದಿದ್ದರೆ ಮಾತ್ರ. ತಾನಾಗಿ ರಾಜೀನಾಮೆ ಕೊಟ್ಟವರ ಗ್ರಾಚ್ಯುಟಿಗೆ ಆ ಕಲಂ ತಾಗುವುದೇ ಇಲ್ಲ. ನನ್ನ ಹಳೆಯ ಕೆಲಸದಲ್ಲಿ ನಾನೂ ಒಬ್ಬರಿಗೆ ಹೀಗೆ ಹಿಡಿದಿದ್ದೆ, ಆಗ ಈ ಸಾಲನ್ನು ಓದಿರಲಿಲ್ಲ. ನೆನಪಾದಾಗ ಈಗಲೂ ಮುಜುಗರ.

ಅರ್ಜಿ ಮೊದಲು, ನೋಟಿಸ್ ಆಮೇಲೆ

ಒಳ್ಳೆಯದೇನೆಂದರೆ ಜೂನ್ 10ರಂದೇ ಇವರು ಫಾರ್ಮ್ 'ಐ' ಕೊಟ್ಟಿದ್ದರು. ಜೊತೆಗಾರರೊಬ್ಬರು ಹೇಳಿದ್ದರಂತೆ. ಗ್ರಾಚ್ಯುಟಿ ಕೇಳುವ ಅರ್ಜಿ ಅದು. ಸೇರಿದ ದಿನ, ಬಿಟ್ಟ ದಿನ ಮತ್ತು ಕಾರಣ, ಒಟ್ಟು ಸೇವೆ, ಕೊನೆಯ ವೇತನ, ಕೇಳುವ ಮೊತ್ತ ಇಷ್ಟನ್ನು ತುಂಬಬೇಕು. ಕೆಲಸ ಬಿಟ್ಟ 30 ದಿನದೊಳಗೆ ಕೊಡಬೇಕು ಎಂದಿದೆ. ತಡವಾಯಿತು ಎಂಬ ಒಂದೇ ಕಾರಣಕ್ಕೆ ಹಕ್ಕು ಹೋಗುವುದಿಲ್ಲ. ಅರ್ಜಿ ಕೊಡದಿದ್ದರೂ ಲೆಕ್ಕ ಹಾಕಿ ಕೊಡುವುದು ಮಾಲೀಕರ ಹೊಣೆಯೇ. ಆದರೆ ಅರ್ಜಿ ಕೊಟ್ಟರೆ ಗಡಿಯಾರ ಓಡತೊಡಗುತ್ತದೆ. ಅರ್ಜಿ ಸಿಕ್ಕ 15 ದಿನದಲ್ಲಿ ಮಾಲೀಕರು ಇಷ್ಟು ಕೊಡುತ್ತೇವೆ ಎಂದು ಫಾರ್ಮ್ 'ಎಲ್', ಇಲ್ಲವೇ ಕೊಡುವುದಿಲ್ಲ, ಕಾರಣ ಇದು ಎಂದು ಫಾರ್ಮ್ 'ಎಂ' ಕಳಿಸಬೇಕು. ಇವರಿಗೆ ಎರಡೂ ಬರಲಿಲ್ಲ. ಬಂದದ್ದು ಜುಲೈ 5ರ ಆ ಹಾಳೆ.

ಅರ್ಜಿಯಲ್ಲಿ ಮೊತ್ತದ ಜಾಗವನ್ನು ಇವರು ಖಾಲಿ ಬಿಟ್ಟಿದ್ದರು, "ಲೆಕ್ಕ ಗೊತ್ತಿರಲಿಲ್ಲ ಅಣ್ಣ" ಎಂದರು. ಹಾಗಾಗಿ ನೋಟಿಸಿನಲ್ಲಿ ಲೆಕ್ಕವನ್ನು ಪೂರ್ತಿ ಬಿಡಿಸಿ ಬರೆದೆವು. ವಕೀಲರ ಲೆಟರ್‌ಹೆಡ್ ಬೇಕಾಗಲಿಲ್ಲ, ಅವರದೇ ಸಹಿ, ಕನ್ನಡದಲ್ಲೇ. ಜುಲೈ 15ರಂದು ರಿಜಿಸ್ಟರ್ಡ್ ಅಂಚೆಯಲ್ಲಿ, ಸ್ವೀಕೃತಿ ಕಾರ್ಡಿನೊಂದಿಗೆ ಕಳಿಸಿದೆವು, ಅದೇ ದಿನ ಇಮೇಲ್ ಕೂಡ. ಮುಖ್ಯ ಭಾಗ ಹೀಗಿತ್ತು:

"ನಾನು 12-09-2016ರಿಂದ 31-05-2024ರವರೆಗೆ ನಿಮ್ಮ ಕಾರ್ಖಾನೆಯಲ್ಲಿ ನಿರಂತರವಾಗಿ ಕೆಲಸ ಮಾಡಿದ್ದೇನೆ. ನನ್ನ ಸೇವೆ 7 ವರ್ಷ 8 ತಿಂಗಳು 20 ದಿನ. ಗ್ರಾಚ್ಯುಟಿ ಪಾವತಿ ಕಾಯ್ದೆಯ 4(2) ಕಲಮಿನಂತೆ ಇದು 8 ವರ್ಷ. ಕೊನೆಯ ವೇತನ (ಮೂಲ ಮತ್ತು ತುಟ್ಟಿಭತ್ಯೆ) ರೂ. 15,600. ನನಗೆ ಬರಬೇಕಾದ ಗ್ರಾಚ್ಯುಟಿ ರೂ. 72,000.

ನೀವು 05-07-2024ರಂದು ಕೊಟ್ಟ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಮೊದಲ ಆರೂವರೆ ತಿಂಗಳು ನನ್ನ ಪಿಎಫ್ ಮತ್ತು ಇಎಸ್ಐ ಕಟ್ಟಿದ್ದೀರಿ. ಆ ಅವಧಿಗೆ ನನ್ನ ಮತ್ತು ನಿಮ್ಮ ನಡುವೆ ಅಪ್ರೆಂಟಿಸ್ ಒಪ್ಪಂದ ಇಲ್ಲ. 2021ರ ರಜೆಗಳು ಮಂಜೂರಾದವು, 2ಎ ಕಲಮಿನಂತೆ ಸೇವೆಯಲ್ಲಿ ಸೇರುತ್ತವೆ. ನಾನು ರಾಜೀನಾಮೆ ಕೊಟ್ಟು ಹೊರಬಂದವಳು, ಆದ್ದರಿಂದ 4(6) ಕಲಮಿನಡಿ ಯಾವ ಕಡಿತಕ್ಕೂ ಅವಕಾಶವಿಲ್ಲ.

ಇದಲ್ಲದೆ ಮೇ 2024ರ ಸಂಬಳ ಮತ್ತು 24 ದಿನದ ರಜೆ ವೇತನ ರೂ. 16,615 ಬಾಕಿ ಇದೆ. ಈ ಪತ್ರ ತಲುಪಿದ 15 ದಿನದೊಳಗೆ ಎಲ್ಲವನ್ನೂ ನನ್ನ ಸಂಬಳದ ಖಾತೆಗೆ ಹಾಕಬೇಕು. ಗ್ರಾಚ್ಯುಟಿಗೆ 31-05-2024ರಿಂದ ಪಾವತಿಯ ದಿನದವರೆಗೆ ಶೇ 10ರ ಸರಳ ಬಡ್ಡಿ ಸೇರಬೇಕು. ತಪ್ಪಿದರೆ ಫಾರ್ಮ್ 'ಎನ್'ನಲ್ಲಿ ನಿಯಂತ್ರಣ ಪ್ರಾಧಿಕಾರಕ್ಕೆ ಅರ್ಜಿ ಹಾಕುತ್ತೇನೆ."

ಇಷ್ಟೇ. ಕೆಲಸದ ಜಾಗದಲ್ಲಿ ಯಾರು ಹೇಗೆ ಬೈದರು ಎಂಬುದನ್ನೂ ಬರೆಯೋಣ ಎಂದು ಅವರಿಗಿತ್ತು. ಬೇಡ ಎಂದೆ. ಉತ್ತರ ಬರೆಯುವವರು ಆ ಸಾಲನ್ನೇ ಹಿಡಿದುಕೊಂಡು ಲೆಕ್ಕದ ಸಾಲುಗಳನ್ನು ಬಿಟ್ಟುಬಿಡುತ್ತಾರೆ. ಹಾಳೆಗೆ ಸಹಿಯನ್ನೂ ಹಾಕಿಸಲಿಲ್ಲ.

ಆಮೇಲೆ ನಡೆದದ್ದು

ನಾಲ್ಕೇ ದಿನಕ್ಕೆ ಮ್ಯಾನೇಜರ್ ಫೋನ್ ಮಾಡಿದರು. "ನೋಡಮ್ಮ, ಗ್ರಾಚ್ಯುಟಿ ಎಲ್ಐಸಿಯಿಂದ ಬರಬೇಕು, ನಮ್ಮ ಕೈಲಿಲ್ಲ" ಎಂದರು. ಕಾರ್ಖಾನೆ ಎಲ್ಐಸಿಯಲ್ಲಿ ಗ್ರಾಚ್ಯುಟಿ ಪಾಲಿಸಿ ಮಾಡಿರಬಹುದು. ಅದು ಅವರಿಬ್ಬರ ನಡುವಿನ ವ್ಯವಹಾರ. ನೌಕರರಿಗೆ ಕೊಡಬೇಕಾದವರು ಮಾಲೀಕರೇ, ಕೆಲಸ ಬಿಟ್ಟ 30 ದಿನದೊಳಗೆ ಹಣ ಕೊಡಬೇಕೆಂಬ ಗಡುವೂ ಅವರಿಗೇ. ಹಾಗೆಂದು ಇವರ ಕೈಯಲ್ಲಿ ಒಂದು ಇಮೇಲ್ ಬರೆಸಿದೆ. ಫೋನಿನಲ್ಲಿ ಮಾತಾಡಿದ್ದನ್ನೆಲ್ಲ ಅವತ್ತೇ ಇಮೇಲ್‌ನಲ್ಲಿ ಬರೆದು ಕಳಿಸುವುದು ನನ್ನ ಅಭ್ಯಾಸ.

ಜುಲೈ 31ರಂದು ದುಡ್ಡು ಬಂತು. ಮೇ ಸಂಬಳ, 16,615 ರಜೆ ಹಣ, ಮತ್ತು ಗ್ರಾಚ್ಯುಟಿ 63,000. ಅಂದರೆ ತುಟ್ಟಿಭತ್ಯೆ ಒಪ್ಪಿದರು, 2021 ಒಪ್ಪಿದರು, ಮೈಕ್ರೋಮೀಟರ್ ಬಿಟ್ಟರು. ಏಳು ವರ್ಷದ ಲೆಕ್ಕ ಅದು. ಟ್ರೈನಿ ಅವಧಿ ಮಾತ್ರ ಆಗಲ್ಲ ಎಂದರು. ಬಡ್ಡಿಯ ಮಾತೇ ಇಲ್ಲ.

ಅವತ್ತೇ ಇನ್ನೊಂದು ಪತ್ರ ಹೋಯಿತು: 63,000 ಬಂದಿದೆ, ಇದನ್ನು ಭಾಗಶಃ ಪಾವತಿ ಎಂದು ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ, 9,000 ಮತ್ತು ಬಡ್ಡಿ ಬಾಕಿ ಇದೆ. ಈ ಎರಡು ಸಾಲು ಬರೆಯದೆ ಸುಮ್ಮನಿದ್ದರೆ, ತೃಪ್ತಿಯಾಗಿ ತೆಗೆದುಕೊಂಡರು ಎಂದು ನಾಳೆ ವಾದ ಬರುತ್ತದೆ.

ಇಲ್ಲಿ ಮನೆಯಲ್ಲಿ ಸ್ವಲ್ಪ ಚರ್ಚೆ ಆಯಿತು. ಒಂಬತ್ತು ಸಾವಿರಕ್ಕೆ ಕಚೇರಿ ಅಲೆಯಬೇಕಾ ಎಂದು ಅವರ ಯಜಮಾನರು. ನನಗೂ ಅನಿಸಿತ್ತು, ಹೊಸ ಕೆಲಸದಲ್ಲಿ ರಜೆ ಹಾಕಿ ಹೋಗಬೇಕು, ಒಂದೊಂದು ದಿನದ ಸಂಬಳವೂ ಲೆಕ್ಕ. ಅವರೇ ಹೇಳಿದ್ದು: "ಆ ಆರು ತಿಂಗಳು ನಾನು ಕೆಲ್ಸನೇ ಮಾಡಿಲ್ಲ ಅಂದಂಗಾಯ್ತಲ್ಲ ಅಣ್ಣ." ಅದಕ್ಕೆ ನಮ್ಮಿಬ್ಬರ ಬಳಿಯೂ ಉತ್ತರವಿರಲಿಲ್ಲ.

ಕಡಿಮೆ ಲೆಕ್ಕ ಕೊಟ್ಟ ದಿನದಿಂದ 90 ದಿನದೊಳಗೆ ಫಾರ್ಮ್ 'ಎನ್' ಹಾಕಬೇಕು. ಜುಲೈ 5ರಿಂದ ಎಣಿಸಿದರೆ ಅಕ್ಟೋಬರ್ 3. ತಡವಾದರೆ ತಕ್ಕ ಕಾರಣ ತೋರಿಸಬೇಕಾಗುತ್ತದೆ, ಅದೊಂದು ರಗಳೆ. ಸೆಪ್ಟೆಂಬರ್ 20ಕ್ಕೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ, ಗ್ರಾಚ್ಯುಟಿಯ ನಿಯಂತ್ರಣ ಪ್ರಾಧಿಕಾರವಾಗಿರುವ ಸಹಾಯಕ ಕಾರ್ಮಿಕ ಆಯುಕ್ತರ ಕಚೇರಿಯಲ್ಲಿ ಕೊಟ್ಟೆವು. ಜೊತೆಗೆ ಫಾರ್ಮ್ 'ಐ' ಪ್ರತಿ, ನೋಟಿಸ್, ಸ್ವೀಕೃತಿ ಕಾರ್ಡ್, ಪಿಎಫ್ ಪಾಸ್‌ಬುಕ್‌ನ ಮೊದಲ ಪುಟಗಳು, ಸಂಬಳ ಚೀಟಿ. ವಕೀಲರನ್ನು ಇಡಲಿಲ್ಲ, ಇವರೇ ಹಾಜರಾದರು.

ನವೆಂಬರ್‌ನ ಮೊದಲ ತಾರೀಖಿಗೆ ಕಾರ್ಖಾನೆಯವರು ಬರಲಿಲ್ಲ. ಡಿಸೆಂಬರ್‌ನಲ್ಲಿ ಬಂದರು. ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ, ಅಪ್ರೆಂಟಿಸ್ ಒಪ್ಪಂದ ನೋಂದಾಯಿಸಿದ ದಾಖಲೆ ಎಲ್ಲಿ ಎಂದು. ಇರಲಿಲ್ಲ. ಕೊಡುತ್ತೇವೆ ಎಂದು ಅಲ್ಲೇ ಬರೆದುಕೊಟ್ಟರು. ಡಿಸೆಂಬರ್ 31ಕ್ಕೆ 9,000 ಬಂತು. ಬಡ್ಡಿಯನ್ನು ಎರಡು ತುಂಡಾಗಿ ಕಟ್ಟಿದೆವು: 63,000ಕ್ಕೆ 61 ದಿನದ್ದು 1,053, 9,000ಕ್ಕೆ 214 ದಿನದ್ದು 528. ಒಟ್ಟು 1,581 ರೂಪಾಯಿ. ಅದೂ ಬಂತು. ಅಕಸ್ಮಾತ್ ಆದೇಶವಾದ ಮೇಲೂ ಕೊಡದಿದ್ದರೆ, ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಲು ಜಿಲ್ಲಾಧಿಕಾರಿಗೆ ಪತ್ರ ಹೋಗುತ್ತಿತ್ತು, ಅಲ್ಲಿ ಚಕ್ರಬಡ್ಡಿ. ಅಲ್ಲಿವರೆಗೆ ಹೋಗಬೇಕಾಗಲಿಲ್ಲ.

ಇವರು ಕೆಲಸ ಬಿಟ್ಟದ್ದು 2024ರಲ್ಲಿ, ಹಾಗಾಗಿ ಇದೆಲ್ಲ ಹಳೆಯ ಕಾಯ್ದೆಯ ಲೆಕ್ಕ. 2025ರ ನವೆಂಬರ್ 21ರಿಂದ ಗ್ರಾಚ್ಯುಟಿ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಬಂದಿದೆ. 15ನ್ನು 26ರಿಂದ ಭಾಗಿಸುವುದು, ಆರು ತಿಂಗಳು ದಾಟಿದರೆ ವರ್ಷ ಎನ್ನುವುದು ಹಾಗೇ ಇದೆ. ಬದಲಾದ ದೊಡ್ಡ ವಿಷಯ ವೇತನದ ಅರ್ಥ. ಹೊರಗಿಡುವ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ ಭಾಗವನ್ನು ವೇತನಕ್ಕೆ ಸೇರಿಸಬೇಕು. ತಿಂಗಳಿಗೆ 50,000 ಬಂದು ಮೂಲ ವೇತನ 15,000 ಮಾತ್ರ ತೋರಿಸಿರುವವರಿಗೆ ಲೆಕ್ಕ 25,000ದ ಮೇಲೆ ನಡೆಯುತ್ತದೆ. ಇವರಂಥವರಿಗೆ ಫರಕಿಲ್ಲ, 18,000ದಲ್ಲಿ 15,600 ಆಗಲೇ ಅರ್ಧಕ್ಕಿಂತ ಮೇಲಿದೆ. ನಿಗದಿತ ಅವಧಿಗೆ ಒಪ್ಪಂದ ಮಾಡಿಕೊಂಡವರಿಗೆ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷ ಸಾಕು. ರಾಜೀನಾಮೆ ಕೊಟ್ಟವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನದಲ್ಲಿ ಕೊಡಬೇಕು ಎಂದು ವೇತನ ಸಂಹಿತೆ ಹೇಳುತ್ತದೆ.

ಒಂದು ಬಾಬ್ತು ಹೇಳುವುದು ಉಳಿಯಿತು, ಬೋನಸ್. ಲೆಕ್ಕದ ವರ್ಷ ಮುಗಿದ ಎಂಟು ತಿಂಗಳವರೆಗೆ ಅದಕ್ಕೆ ಸಮಯವಿದೆ. ಆದ್ದರಿಂದ 2024ರ ಜುಲೈನಲ್ಲಿ ಕೇಳಲು ಬರುತ್ತಿರಲಿಲ್ಲ. ಆದರೆ ಇನ್ನೇನೂ ಬಾಕಿ ಇಲ್ಲ ಎಂಬ ಆ ಹಾಳೆಗೆ ಸಹಿ ಹಾಕಿದ್ದರೆ ಅದನ್ನೇ ಮುಂದೆ ಹಿಡಿಯುತ್ತಿದ್ದರು. 2023-24ರ ಬೋನಸ್ ಆ ದೀಪಾವಳಿಗೆ ಉಳಿದವರ ಜೊತೆಗೇ ಬಂತು. ಕೊನೆಯ ಎರಡು ತಿಂಗಳು ದುಡಿದದ್ದು 2024-25ಕ್ಕೆ ಸೇರುತ್ತದೆ, ವರ್ಷದಲ್ಲಿ 30 ಕೆಲಸದ ದಿನ ದುಡಿದಿದ್ದರೆ ಸಾಕು. ಅದರ ಕೊನೆಯ ದಿನ 2025ರ ನವೆಂಬರ್ 30. ಅವರು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅದಕ್ಕೆ ಸುತ್ತು ಹಾಕಿಟ್ಟಿದ್ದರು. ನವೆಂಬರ್ ಮೂರನೇ ವಾರ ಒಂದು ಇಮೇಲ್ ಹಾಕಿದರು, ನನ್ನನ್ನು ಕೇಳದೆಯೇ. 28ಕ್ಕೆ ದುಡ್ಡು ಬಿತ್ತು.